ಅಂಗಡಿಯಲ್ಲಿ ಸರಿ ಇತ್ತು, ಮದುವೆ ಫೋಟೋದಲ್ಲಿ ಬೂದಿ! ಎಣ್ಣೆಗೆಂಪು ಬಣ್ಣಕ್ಕೆ ಫೌಂಡೇಶನ್, ಕಾಂಪ್ಯಾಕ್ಟ್ ಶೇಡ್ ನೋಡೋದು ಹೇಗೆ?

ಕಡಲ್ತಡಿ (ಕಾರವಾರ)

ಸ್ವಲ್ಪ ಉದ್ದ ಇದೆ, ಬೈಬೇಡಿ. ನನ್ನದು ನಮ್ಮ ಕಡೆ ಎಣ್ಣೆಗೆಂಪು ಅಂತಾರಲ್ಲ, ಆ ಬಣ್ಣ. ಅಜ್ಜಿಯ ಲೆಕ್ಕದಲ್ಲಿ ಎಣ್ಣೆಗಪ್ಪು. ಮಳೆಗಾಲದಲ್ಲಿ ಚೂರು ತಿಳಿ, ಮೇ ಬಂದರೆ ಗಾಢ. ಹೋದ ತಿಂಗಳು ಕುಮಟಾದಲ್ಲಿ ಅಣ್ಣನ ಮದುವೆ ಇತ್ತು. ಅದಕ್ಕೆ ಅಂತ ಇಲ್ಲೇ ಪೇಟೆಯ ಅಂಗಡಿಯೊಂದರಲ್ಲಿ ಫೌಂಡೇಶನ್ ತಗೊಂಡೆ. ಅವರ ಹತ್ತಿರ ಇದ್ದದ್ದೇ ನಾಲ್ಕು ಶೇಡ್. ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿ ಮುಂಗೈ ಹಿಂದೆ ಹಚ್ಚಿ ನೋಡಿದರು. ಬಣ್ಣ ಚರ್ಮದಲ್ಲಿ ಸೇರಿಹೋಯಿತು, ನಾನು ಖುಷಿಯಿಂದ ದುಡ್ಡು ಕೊಟ್ಟೆ.

ಮದುವೆ ದಿನ ಬೆಳಿಗ್ಗೆ ಆರೂವರೆಗೆ ಹಚ್ಚಿದೆ. ಎಂಟು ಗಂಟೆ ಹೊತ್ತಿಗೆ ಕೆನ್ನೆ ಕಿತ್ತಳೆ. ಗಾಬರಿಯಾಗಿ ಮೇಲಿಂದ ಕಾಂಪ್ಯಾಕ್ಟ್ ಹಚ್ಚಿದೆ. ಬೆವರು ಬಂತು, ಮತ್ತೆ ಹಚ್ಚಿದೆ. ಊಟದ ಮುಂಚೆ ಮತ್ತೆ. ಆಲ್ಬಂ ಬಂದಿದೆ ಈಗ. ಹಣೆ, ಮೂಗು ಬೂದಿ. ಕೆನ್ನೆ ಇಟ್ಟಿಗೆ. ಕುತ್ತಿಗೆ ಮಾತ್ರ ನನ್ನದು. ಒಂದೇ ಮುಖದಲ್ಲಿ ಮೂರು ಜನ ಕೂತ ಹಾಗಿದೆ.

ನನ್ನ ಪ್ರಶ್ನೆ ಇಷ್ಟೇ. ನಾನು ತಗೊಂಡದ್ದು ತಿಳಿ ಆಯ್ತಾ, ಗಾಢ ಆಯ್ತಾ? ಕಿತ್ತಳೆ ಆದರೆ ಗಾಢ ಅನ್ನಬೇಕು, ಬೂದಿ ಆದರೆ ತಿಳಿ ಅನ್ನಬೇಕು. ಎರಡೂ ಒಟ್ಟಿಗೆ ಹೇಗಾಗುತ್ತದೆ?

ಚಿರೇಕಲ್ಲು

ಫೌಂಡೇಶನ್, ಕಾಂಪ್ಯಾಕ್ಟ್ ಎರಡೂ ಒಟ್ಟಿಗೆ ಕಂಡು ಮನೆ ಕಟ್ಟುವ ವಿಷಯ ಅಂತ ಓಡಿ ಬಂದೆ. ಮಣ್ಣು ಚೆನ್ನಾಗಿ ದಮ್ಮಸ್ಸು ಮಾಡಿ ಅಂತ ಬರೆಯಲು ಹೊರಟಿದ್ದೆ. ಕ್ಷಮಿಸಿ ತಂಗಿ.

ಅಪ್ಪೆಮಿಡಿ

ಇಲ್ಲೂ ಆದದ್ದು ಅದೇ. ದಮ್ಮಸ್ಸು ಜಾಸ್ತಿ ಆಗಿದೆ.

ಗಾಳಿಮಳೆ (ಕುಮಟಾ)

ನಿಮ್ಮ ಅಂಡರ್‌ಟೋನ್ ಮೊದಲು ನೋಡಿಕೊಳ್ಳಿ, ಆಮೇಲೆ ಉಳಿದದ್ದು. ಮಣಿಕಟ್ಟಿನ ನರ ಹಸಿರು ಕಂಡರೆ ವಾರ್ಮ್, ನೀಲಿ ಕಂಡರೆ ಕೂಲ್. ಚಿನ್ನ ಒಪ್ಪಿದರೆ ವಾರ್ಮ್, ಬೆಳ್ಳಿ ಒಪ್ಪಿದರೆ ಕೂಲ್. ನೀವು ಹೇಳೋದು ಕೇಳಿದರೆ ವಾರ್ಮ್. ಮ್ಯಾಕ್‌ನಲ್ಲಿ ಎನ್‌ಡಬ್ಲ್ಯೂ ಅಂತ ಇರೋದು ತಗೊಳ್ಳಿ, ಡಬ್ಲ್ಯೂ ಅಂದರೆ ವಾರ್ಮ್. ಮುಗೀತು.

ಬಾಸಿಂಗ (ಅಂಕೋಲಾ)

ಗಾಳಿಮಳೆ, ಮಾರಾಯ್ತಿ, ಮುಗೀಲಿಲ್ಲ. ಹದಿನಾಲ್ಕು ವರ್ಷದಿಂದ ಮದುಮಗಳಿಗೆ ಮೇಕಪ್ ಮಾಡುತ್ತಿದ್ದೇನೆ. ನಮ್ಮ ಬಣ್ಣದ ಚರ್ಮದ ಮೂಲಕ ನೋಡಿದರೆ ಹೆಚ್ಚಿನವರ ನರ ಹಸಿರಾಗಿಯೇ ಕಾಣುತ್ತದೆ. ಆ ಪರೀಕ್ಷೆ ಬೆಳ್ಳಗಿನವರಿಗೆ ಅಷ್ಟೋ ಇಷ್ಟೋ ಕೆಲಸ ಮಾಡುತ್ತದೆ, ನಮಗೆ ಎಲ್ಲರೂ ವಾರ್ಮ್ ಅಂತಲೇ ಹೇಳುತ್ತದೆ. ಚಿನ್ನ ಒಪ್ಪದ ಹೆಣ್ಣನ್ನು ನಾನಂತೂ ಈ ಜಿಲ್ಲೆಯಲ್ಲಿ ನೋಡಿಲ್ಲ.

ಇನ್ನು ಮ್ಯಾಕ್ ವಿಷಯ. ಅದು ಉಲ್ಟಾ. ಅವರ ಎನ್‌ಸಿ ಶೇಡ್‌ಗಳು ಹಳದಿ, ಬಂಗಾರದ ಛಾಯೆ ಇರುವ ಮುಖಕ್ಕೆ. ಎನ್‌ಡಬ್ಲ್ಯೂ ಇರುವುದು ಗುಲಾಬಿ ಛಾಯೆಯವರಿಗೆ. ಡಬ್ಲ್ಯೂ ನೋಡಿ ಖರೀದಿ ಮಾಡಿ ಅತ್ತವರು ನನ್ನ ಹತ್ತಿರ ಬಂದಿದ್ದಾರೆ. ಬೇರೆ ಎಷ್ಟೋ ಕಂಪನಿಗಳಲ್ಲಿ ಡಬ್ಲ್ಯೂ ಅಂದರೆ ವಾರ್ಮ್ ಹೌದು. ಅಕ್ಷರ ನೋಡಿ ತಗೊಳ್ಳಬೇಡಿ, ಮುಖಕ್ಕೆ ಹಚ್ಚಿ ತಗೊಳ್ಳಿ.

ಕಡಲ್ತಡಿ ತಂಗಿ, ನಾಲ್ಕು ವಿಷಯ ಹೇಳು. ಫೌಂಡೇಶನ್ ಕೆಳಗೆ ಏನು ಹಚ್ಚಿದ್ದೆ? ಕಾಂಪ್ಯಾಕ್ಟ್ ಯಾವ ಶೇಡ್? ಕಿತ್ತಳೆ ಆದದ್ದು ಇಡೀ ಮುಖವಾ, ಇಲ್ಲ ಕೆನ್ನೆ ಮೂಗು ಮಾತ್ರವಾ? ಫೋಟೋಗ್ರಾಫರ್ ಫ್ಲಾಶ್ ಹಾಕಿದ್ದನಾ?

ಗಾಳಿಮಳೆ (ಕುಮಟಾ)

ಎನ್‌ಸಿ ವಾರ್ಮಾ? ಸಿ ಅಂದರೆ ಕೂಲ್ ಅಲ್ವಾ? ಯಾರು ಹೀಗೆ ಹೆಸರಿಟ್ಟರು ಮಾರಾಯ್ರೆ.

ಕಡಲ್ತಡಿ (ಕಾರವಾರ)

ಅಕ್ಕಾ, ಕೆಳಗೆ ಸನ್‌ಸ್ಕ್ರೀನ್ ಹಚ್ಚಿದ್ದೆ, ಬೆಳ್ಳಗೆ ಉಳಿಯುತ್ತದಲ್ಲ, ಆ ಥರದ್ದು. ಕಾಂಪ್ಯಾಕ್ಟ್ ಮೇಲೆ ‘ನ್ಯಾಚುರಲ್’ ಅಂತ ಬರೆದಿದೆ. ಅಮ್ಮನದೂ ಅದೇ, ಚಿಕ್ಕಮ್ಮನದೂ ಅದೇ. ಕಿತ್ತಳೆ ಆದದ್ದು ಕೆನ್ನೆ ಮತ್ತು ಮೂಗಿನ ಪಕ್ಕ ಜಾಸ್ತಿ, ಆದರೆ ಗದ್ದದಲ್ಲೂ ಸ್ವಲ್ಪ ಇತ್ತು. ಫ್ಲಾಶ್ ಇತ್ತು, ಕಣ್ಣು ಕುಕ್ಕುವಷ್ಟು.

ಇನ್ನೊಂದು. ಚಿಕ್ಕಮ್ಮ ಹೇಳಿದ್ದು, ಮದುವೆಗೆ ಒಂದು ಶೇಡ್ ತಿಳಿ ತಗೋ, ಫೋಟೋ ಚೆನ್ನಾಗಿ ಬರುತ್ತದೆ ಅಂತ. ಕಾಂಪ್ಯಾಕ್ಟ್‌ನಲ್ಲಿ ಅವಳ ಮಾತು ಕೇಳಿದ್ದೆ.

ಬಾಸಿಂಗ (ಅಂಕೋಲಾ)

ಅಲ್ಲಿದೆ ನೋಡು. ನಿನ್ನ ಮುಖದಲ್ಲಿ ಎರಡು ಬೇರೆ ಬೇರೆ ತಪ್ಪು ಕೂತಿವೆ, ನೀನು ಒಂದೇ ಅಂದುಕೊಂಡು ತಲೆ ಕೆಡಿಸಿಕೊಂಡಿದ್ದೀಯ.

ಬೂದಿಯದು ಮೊದಲು ಹೇಳುತ್ತೇನೆ. ಕರಿಕಲ್ಲಿನ ಕಟ್ಟೆ ಮೇಲೆ ನೀರು ಮಜ್ಜಿಗೆ ಚೆಲ್ಲಿದರೆ ಬೆಳ್ಳಗೆ ಕಾಣುತ್ತದಾ? ಇಲ್ಲ. ನೀಲಿ ಮಿಶ್ರ ಬೂದಿ ಕಾಣುತ್ತದೆ. ಗಾಢ ಬಣ್ಣದ ಮೇಲೆ ಬಿಳಿಯ ತೆಳು ಪದರ ಯಾವಾಗಲೂ ಹಾಗೇ. ತಿಳಿ ಶೇಡ್‌ನ ಕಾಂಪ್ಯಾಕ್ಟ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಜಾಸ್ತಿ ಇರುತ್ತದೆ. ನಿನ್ನ ಸನ್‌ಸ್ಕ್ರೀನ್‌ನಲ್ಲೂ ಅದೋ, ಜಿಂಕ್ ಆಕ್ಸೈಡೋ ಇದೆ, ಬೆಳ್ಳಗೆ ಉಳಿಯುವುದು ಅದಕ್ಕೇ. ಕೆಳಗೊಂದು ಬಿಳಿ, ಮೇಲೊಂದು ಬಿಳಿ, ಅದೂ ಮೂರು ಸಲ. ಜೊತೆಗೆ ಫ್ಲಾಶ್. ಆ ಬಿಳಿ ಪುಡಿ ಫ್ಲಾಶಿನ ಬೆಳಕನ್ನು ಎದುರಿಗೇ ವಾಪಸ್ ಎಸೆಯುತ್ತದೆ. ಕನ್ನಡಿಯಲ್ಲಿ ಕಾಣದ ಬೂದಿ ಆಲ್ಬಂನಲ್ಲಿ ಕಾಣುವುದು ಹೀಗೆ. ಹಣೆ ಮೂಗಿಗೆ ಬೆವರು ಜಾಸ್ತಿ, ಅಲ್ಲೇ ಮತ್ತೆ ಮತ್ತೆ ಒತ್ತಿದ್ದೀಯ, ಅಲ್ಲೇ ಬೂದಿ.

ಚಿಕ್ಕಮ್ಮನಿಗೆ ಹೇಳು, ಒಂದು ಶೇಡ್ ತಿಳಿ ಹಚ್ಚಿದರೆ ನಮ್ಮ ಬಣ್ಣದವರು ಬೆಳ್ಳಗಾಗುವುದಿಲ್ಲ, ಜ್ವರ ಬಂದವರ ಹಾಗಾಗುತ್ತೇವೆ.

ಕಿತ್ತಳೆ ಆದದ್ದು ಫೌಂಡೇಶನ್‌ನ ಕೆಲಸ. ಅದನ್ನು ಸಂಜೆ ಬರೆಯುತ್ತೇನೆ, ಈಗ ಒಬ್ಬಳು ಬಂದು ಕೂತಿದ್ದಾಳೆ.

ಕೋಕಂ

ಅಕ್ಕಾ ಹಾಗಾದರೆ ಬೆಳ್ಳಗೆ ಕಾಣಲು ಯಾವ ಫೌಂಡೇಶನ್ ಒಳ್ಳೆಯದು?

ಅಪ್ಪೆಮಿಡಿ

ಮೇಲಿನದು ಓದಿ ಕೇಳಿದ್ದಾ, ಓದದೇ ಕೇಳಿದ್ದಾ?

ಪೇಂಟ್ ಡಬ್ಬಿ (ಶಿರಸಿ)

ನಾನು ಗಂಡಸು, ಮೇಕಪ್ ಗೊತ್ತಿಲ್ಲ, ಹೆಂಡತಿ ಈ ಚರ್ಚೆ ತೋರಿಸಿದಳು. ಆದರೆ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವುದೇ ನನ್ನ ಕೆಲಸ, ಅದಕ್ಕೇ ಬರೆಯುತ್ತಿದ್ದೇನೆ. ಟ್ಯೂಬ್‌ಲೈಟ್ ಕೆಳಗೆ ಸರಿ ಇದ್ದದ್ದು ಹೊರಗೆ ಬೇರೆ ಆಗುವುದು ನಮ್ಮಲ್ಲಿ ದಿನಾ ಇದ್ದದ್ದೇ. ಎರಡು ಬಣ್ಣ ಒಂದು ಬೆಳಕಿನಲ್ಲಿ ಒಂದೇ ಥರ ಕಂಡು ಇನ್ನೊಂದು ಬೆಳಕಿನಲ್ಲಿ ಬೇರೆ ಕಾಣಬಹುದು, ಯಾಕೆಂದರೆ ಎರಡರ ಒಳಗಿನ ಮಸಾಲೆ ಬೇರೆ. ನಿಮ್ಮ ಚರ್ಮದ ಬಣ್ಣ ಮೆಲನಿನ್, ರಕ್ತ ಸೇರಿ ಆದದ್ದು. ಬಾಟಲಿಯದು ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್ ಮತ್ತು ಬಿಳಿ ಸೇರಿ ಆದದ್ದು. ಗೋಡೆಗೆ ಹಾಕುವ ಆಕ್ಸೈಡ್ ಬಣ್ಣದ ಜಾತಿಯೇ, ಮುಖಕ್ಕೆ ಬರುವುದು ಶುದ್ಧ ಮಾಡಿದ್ದು. ಅಂಗಡಿಯವನು ನಿಮಗೆ ಮೋಸ ಮಾಡಿಲ್ಲ, ಟ್ಯೂಬ್‌ಲೈಟ್ ಮಾಡಿದೆ.

ಕಿತ್ತಳೆ ಆದದ್ದು ಆಕ್ಸಿಡೈಸ್ ಆಗಿ. ಕಬ್ಬಿಣದ ಬಣ್ಣ ಅಲ್ವಾ, ಕಾರವಾರದ ಉಪ್ಪು ಗಾಳಿಗೆ ತುಕ್ಕು ಹಿಡಿದಿದೆ.

ಬಾಸಿಂಗ (ಅಂಕೋಲಾ)

ಬೆಳಕಿನ ಮಾತು ನೂರಕ್ಕೆ ನೂರು ಒಪ್ಪಿದೆ. ತುಕ್ಕಿನದು ಒಪ್ಪಲ್ಲ. ಅದು ಮೊದಲೇ ತುಕ್ಕು, ತುಕ್ಕಿಗೆ ಇನ್ನೆಂಥ ತುಕ್ಕು ಹಿಡಿಯುತ್ತದೆ? ಎಲ್ಲರೂ ಆಕ್ಸಿಡೈಸ್ ಅಂತಾರೆ, ನಾನೂ ಗಿರಾಕಿಗಳಿಗೆ ಹಾಗೇ ಹೇಳುತ್ತೇನೆ, ಆದರೆ ಹೆಚ್ಚಾಗಿ ಆಗುವುದು ಬೇರೆ.

ಕಾರವಾರದ ಬೀಚಿನಲ್ಲಿ ಒಣ ಮರಳು ನೋಡಿ, ತಿಳಿ. ಅಲೆ ಬಂದು ಹೋದ ಜಾಗ ನೋಡಿ, ಗಾಢ. ಮರಳು ಅದೇ. ಪುಡಿ ಒದ್ದೆಯಾದರೆ ಗಾಢ ಆಗುತ್ತದೆ, ಅಷ್ಟೆ. ಮುಖದ ಎಣ್ಣೆ ಮತ್ತು ಬೆವರು ಫೌಂಡೇಶನ್‌ನ ಪುಡಿಯನ್ನು ಹೀಗೇ ಒದ್ದೆ ಮಾಡುತ್ತದೆ. ಇದಲ್ಲದೆ ಹಚ್ಚಿದ ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಅದರೊಳಗಿನ ಹಗುರ ಸಿಲಿಕೋನ್, ನೀರು ಆರಿ ಹೋಗುತ್ತದೆ. ದ್ರವ ಹೋದ ಮೇಲೆ ಉಳಿದ ಬಣ್ಣ ಒತ್ತೊತ್ತಾಗಿ ಕೂರುತ್ತದೆ, ಆಗಲೂ ಗಾಢ.

ತಂಗಿ, ಇವೆರಡರಲ್ಲಿ ನಿನ್ನದು ಯಾವುದು ಅಂತ ಗೊತ್ತಾಗಬೇಕು, ಯಾಕೆಂದರೆ ಮದ್ದು ಬೇರೆ. ಹೀಗೆ ಮಾಡು. ಮುಖ ತೊಳೆದು ಬರೀ ಚರ್ಮದ ಮೇಲೆ ದವಡೆಯ ಹತ್ತಿರ ಒಂದು ಗೆರೆ ಹಚ್ಚು, ಕೆನ್ನೆ ತುದಿಯಿಂದ ಕುತ್ತಿಗೆಗೆ ಇಳಿಯಬೇಕು. ಅದೇ ಬಾಟಲಿಯಿಂದ ಮೊಣಕೈ ಒಳಗಡೆ ಇನ್ನೊಂದು ಗೆರೆ. ಅಲ್ಲಿ ಎಣ್ಣೆ ಬರುವುದಿಲ್ಲ ಅಂತಲೇ ಅನ್ನಬಹುದು. ಕೂಡಲೇ ಒಂದು ಸಲ, ಹದಿನೈದು ನಿಮಿಷಕ್ಕೆ ಒಂದು ಸಲ, ಒಂದೂವರೆ ತಾಸಿಗೆ ಒಂದು ಸಲ ನೋಡು. ಕೈಯದ್ದೂ ಗಾಢ ಆದರೆ ಬಾಟಲಿಯ ಗುಣ, ಅರ್ಧ ಶೇಡ್ ತಿಳಿ ತಗೊಳ್ಳಬೇಕು. ಕೈಯದ್ದು ಹಾಗೇ ಇದ್ದು ದವಡೆಯದು ಮಾತ್ರ ಬದಲಾದರೆ ನಿನ್ನ ಮುಖದ ಎಣ್ಣೆ. ಆಗ ಶೇಡ್ ಬದಲಿಸಿ ಪ್ರಯೋಜನ ಇಲ್ಲ, ಕೆಳಗೆ ಹಚ್ಚುವ ಕ್ರೀಮ್ ಕಡಿಮೆ ಮಾಡಬೇಕು.

ಬಾಗಿಲ ಹತ್ತಿರ ನೆರಳಿನಲ್ಲಿ ನಿಂತು ನೋಡು, ನೇರ ಬಿಸಿಲಲ್ಲಿ ಬೇಡ.

ಸಿರ್ಸಿ ಸೊಸೆ

ಹಗಲಿನ ಬೆಳಕು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಯಾವ ಹಗಲು? ನಾನು ಮೋಸ ಹೋದದ್ದು ಹಗಲಲ್ಲೇ. ಹುಬ್ಬಳ್ಳಿಯಿಂದ ಎರಡು ಚಿಕ್ಕ ಸ್ಯಾಂಪಲ್ ತಂದು ಮನೆ ಹಿಂದೆ ನಿಂತು ಹಚ್ಚಿ ನೋಡಿದೆ. ಒಂದು ತೀರಾ ಹಸಿರು ಹಸಿರು ಕಂಡಿತು, ಕಾಮಾಲೆ ಆದವರ ಹಾಗೆ. ಅದನ್ನು ನಾದಿನಿಗೆ ಕೊಟ್ಟೆ. ಇನ್ನೊಂದರ ದೊಡ್ಡ ಬಾಟಲಿ ತರಿಸಿದೆ. ಜಾತ್ರೆಗೆ ಹಚ್ಚಿಕೊಂಡು ಹೋದರೆ ಮುಖ ಕೆಂಪು! ನಾದಿನಿ ನಾನು ಕೊಟ್ಟದ್ದನ್ನೇ ಹಚ್ಚಿಕೊಂಡು ಪಕ್ಕದಲ್ಲಿ ಚಂದ ಕಾಣುತ್ತಿದ್ದಾಳೆ, ನಮ್ಮಿಬ್ಬರ ಬಣ್ಣ ಒಂದೇ.

ಆಮೇಲೆ ಹೊಳೆಯಿತು. ಮನೆ ಹಿಂದೆ ಅಂದರೆ ಅಡಿಕೆ ತೋಟ. ಅಲ್ಲಿ ಬೀಳುವ ಬೆಳಕೆಲ್ಲ ಎಲೆಯ ಮೂಲಕ ಸೋಸಿ ಬಂದದ್ದು, ಹಸಿರು. ಸರಿ ಇದ್ದ ಹಳದಿ ಶೇಡು ಅಲ್ಲಿ ಹಸಿರಾಗಿ ಕಂಡಿದೆ, ಕೆಂಪು ಶೇಡಿನ ಕೆಂಪನ್ನು ಆ ಬೆಳಕು ನುಂಗಿ ಹಾಕಿದೆ.

ಪೇಂಟ್ ಡಬ್ಬಿ (ಶಿರಸಿ)

ಅದ್ಭುತ. ನಮ್ಮ ಗಿರಾಕಿಗಳಿಗೆ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಕೆಂಪು ಚಿರೇಕಲ್ಲಿನ ಗೋಡೆ ಪಕ್ಕವೂ ಬೇಡ, ಮಳೆಗಾಲಕ್ಕೆ ಕಟ್ಟಿದ ನೀಲಿ ತಾಡಪಾಲಿನ ಕೆಳಗೂ ಬೇಡ. ಬಿಳಿ ಗೋಡೆ ಇರುವ ಜಗುಲಿ ಒಳ್ಳೆಯದು. ಇಲ್ಲದಿದ್ದರೆ ಹೆಗಲ ಮೇಲೆ ಬಿಳಿ ಪಂಚೆ ಹಾಕಿಕೊಂಡು ನೋಡಿ, ಪಂಚೆ ಬಿಳಿ ಕಂಡರೆ ಬೆಳಕು ಸರಿ ಇದೆ.

ತುಕ್ಕಿನ ವಿಷಯದಲ್ಲಿ ಸೋತೆ ಬಾಸಿಂಗ ಅವರೆ. ಒದ್ದೆ ಮರಳು ನನಗೇ ಹೊಳೆಯಬೇಕಿತ್ತು. ಒದ್ದೆ ಡಿಸ್ಟೆಂಪರ್ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ನಮ್ಮದು ಒಣಗಿದರೆ ತಿಳಿ, ನಿಮ್ಮದು ಗಾಢ, ಅದೊಂದು ವಿಚಿತ್ರ.

ಒಂದು ಸಲಹೆ. ಡಬ್ಬಿ ಹಿಂದೆ ಸಿಐ 77891 ಅಂತ ಇದ್ದರೆ ಅದೇ ಟೈಟಾನಿಯಂ ಬಿಳಿ. 77491 ಕೆಂಪು, 77492 ಹಳದಿ, 77499 ಕಪ್ಪು. ಮೊದಲು ಹಳದಿಯ ನಂಬರ್ ಇರುವ ಡಬ್ಬಿ ತಗೊಂಡರೆ ಆಯ್ತಲ್ಲ?

ಬಾಸಿಂಗ (ಅಂಕೋಲಾ)

ನಂಬರ್ ಸರಿ ಇದೆ, ಉಪಾಯ ನಡೆಯಲ್ಲ. ಉಳಿದ ಸಾಮಾನು ಪ್ರಮಾಣದ ಲೆಕ್ಕದಲ್ಲಿ ಬರೆದಿರುತ್ತಾರೆ, ಬಣ್ಣವನ್ನು ಮಾತ್ರ ಕೊನೆಯಲ್ಲಿ ಬೇಕಾದ ಹಾಗೆ ಬರೆಯಬಹುದು. ‘ಇರಬಹುದು’ ಅಂತ ಸೇರಿಸಿ ಎಲ್ಲಾ ಶೇಡಿಗೂ ಒಂದೇ ಪಟ್ಟಿ ಅಂಟಿಸಿರುತ್ತಾರೆ. ತೀರಾ ತಿಳಿ ಶೇಡು, ತೀರಾ ಗಾಢ ಶೇಡು ಎರಡರ ಹಿಂದೆಯೂ ಅದೇ ನಾಲ್ಕು ನಂಬರ್ ಇರುತ್ತದೆ, ನೋಡಿ ಬೇಕಾದರೆ.

ಚೌಕಿ (ಹೊನ್ನಾವರ)

ನಮ್ಮ ಮಾವ ಮೇಳದಲ್ಲಿ ವೇಷಧಾರಿ. ಚೌಕಿಯಲ್ಲಿ ಅವರು ಮುಖಕ್ಕೆ ಬಣ್ಣ ಹಚ್ಚುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬರೀ ಬಿಳಿ ಯಾವತ್ತೂ ಮುಖಕ್ಕೆ ಹಾಕುವುದಿಲ್ಲ. ಅಂಗೈ ಮೇಲೆ ಬಿಳಿ ತಗೊಂಡು ಅದಕ್ಕೆ ಹಳದಿ, ಆಮೇಲೆ ಚೂರೇ ಚೂರು ಕೆಂಪು ಸೇರಿಸಿ, ಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ಹದ ನೋಡುತ್ತಾರೆ. ಮಾವನದು ಕಪ್ಪು ಬಣ್ಣ, ಅವರು ಹಳದಿ ಜಾಸ್ತಿ ಹಾಕುತ್ತಾರೆ. ಪಕ್ಕದ ಬೆಳ್ಳಗಿನ ಕಲಾವಿದನ ಮಿಶ್ರಣ ಮಾವನ ಮುಖಕ್ಕೆ ಹಚ್ಚಿದರೆ ಲೈಟಿಗೆ ಹೆಣದ ಕಳೆ ಬರುತ್ತದೆ ಅಂತಿದ್ದರು. ನೀವು ಹೇಳುವ ಬೂದಿ ಇದೇ ಇರಬೇಕು.

ಬಾಸಿಂಗ (ಅಂಕೋಲಾ)

ಇದೇ. ನಿಮ್ಮ ಮಾವನಿಗೆ ನನ್ನ ನಮಸ್ಕಾರ. ಅಂಗೈ ಮೇಲೆ ಬೆರೆಸಿ ಹಚ್ಚುವ ಧೈರ್ಯ ನಮ್ಮ ಹೆಣ್ಣುಮಕ್ಕಳಿಗೂ ಬಂದರೆ ನಾಲ್ಕೇ ಶೇಡ್ ಇರುವ ಅಂಗಡಿಯಲ್ಲೂ ಸಂಸಾರ ಮಾಡಬಹುದು.

ಮಾಜಾಳಿ

ನಾಲ್ಕು ಶೇಡ್ ಇದ್ದವರು ಅದೃಷ್ಟವಂತರು. ನಾನು ನಿಮ್ಮೆಲ್ಲರಿಗಿಂತ ಗಾಢ. ನನಗೆ ಅಂಗಡಿಯಲ್ಲಿ ತೋರಿಸುವ ಅತಿ ಗಾಢ ಶೇಡೇ ತಿಳಿ. ಮಡಗಾಂವಿಗೆ ರೈಲಲ್ಲಿ ಹೋಗಿ ನೋಡಿ ಬರುತ್ತೇನೆ. ಅಲ್ಲಿ ಗಾಢ ಸಿಗುತ್ತದೆ, ಆದರೆ ಸಿಕ್ಕಿದ್ದೆಲ್ಲ ಕೆಂಪು ಕೆಂಪು. ಗಾಢ ಅಂದರೆ ಕೆಂಪು ಅಂತ ಯಾರು ತೀರ್ಮಾನ ಮಾಡಿದರೋ. ನನ್ನದು ಬೆಲ್ಲದ ಬಣ್ಣ, ಒಳಗೆ ಹಳದಿ ಇದೆ. ಇಟ್ಟಿಗೆ ಬಣ್ಣ ಹಚ್ಚಿದರೆ ಹೇಗೆ?

ಯಾರೋ ನೀಲಿ ಮಿಕ್ಸರ್ ಒಂದು ಹನಿ ಹಾಕಿದರೆ ಕಿತ್ತಳೆ ಹೋಗುತ್ತದೆ ಅಂದರು. ಹಾಕಿದೆ. ಕಿತ್ತಳೆ ಹೋಯ್ತು, ಕೆಸರಾಯ್ತು.

ಬಾಸಿಂಗ (ಅಂಕೋಲಾ)

ಒಂದು ಹನಿ ಜಾಸ್ತಿ ಮಾರಾಯ್ತಿ. ಪಿನ್ನಿನ ತುದಿ ಅದ್ದಿ ತೆಗೆದಷ್ಟು ಸಾಕು, ಎರಡು ಪಂಪಿಗೆ. ನೀಲಿ ಕಿತ್ತಳೆಯನ್ನು ಕೊಲ್ಲುತ್ತದೆ, ಹೌದು, ಆದರೆ ಜೊತೆಗೆ ಗಾಢವೂ ಮಾಡುತ್ತದೆ. ನಿಮಗೆ ಗಾಢ ಆಗಬೇಕಾದ್ದರಿಂದ ನೀಲಿ ಸರಿ ಹೊಂದಬಹುದು. ಕಡಲ್ತಡಿಗೆ ಹಳದಿಯೇ ಸಾಕು ಅಂತ ನನ್ನ ಅಂದಾಜು.

ಪೇಂಟ್ ಡಬ್ಬಿ (ಶಿರಸಿ)

ಗಾಢ ಬಣ್ಣ ಯಾವಾಗಲೂ ತಿಳಿಗೆ ಬೆರೆಸಬೇಕು, ಹನಿ ಹನಿಯಾಗಿ. ಉಲ್ಟಾ ಮಾಡಿದರೆ ಬಕೆಟ್‌ಗಟ್ಟಲೆ ಆಗುತ್ತದೆ, ಹದ ಸಿಗಲ್ಲ.

ಕಡಲ್ತಡಿ (ಕಾರವಾರ)

ಭಾನುವಾರ ಮಾಡಿದೆ! ವರದಿ ಒಪ್ಪಿಸುತ್ತೇನೆ.

ಹತ್ತೂವರೆಗೆ ಜಗುಲಿಯಲ್ಲಿ, ಹೆಗಲ ಮೇಲೆ ಅಪ್ಪನ ಪಂಚೆ. ಅಪ್ಪ ಏನೂ ಕೇಳಲಿಲ್ಲ, ಸುಮ್ನೆ ಪೇಪರ್ ಮಡಚಿ ಒಳಗೆ ಹೋದರು. ಹಳೇ ಫೌಂಡೇಶನ್ ದವಡೆಗೆ ಒಂದು ಗೆರೆ, ಮೊಣಕೈ ಒಳಗೆ ಒಂದು ಗೆರೆ. ಹದಿನೈದು ನಿಮಿಷಕ್ಕೆ ಎರಡೂ ಚೂರು ಗಾಢ ಆದವು. ಆಮೇಲೆ ಕೈಯದ್ದು ಅಲ್ಲೇ ನಿಂತಿತು. ದವಡೆಯದು ಹನ್ನೆರಡು ಗಂಟೆಗೆ ನೋಡಿದರೆ ಇನ್ನೂ ಗಾಢ, ಕಿತ್ತಳೆ. ಅಂದರೆ ನನ್ನದು ಎರಡೂ ಅಲ್ವಾ ಅಕ್ಕಾ? ಬಾಟಲಿಯದೂ ಇದೆ, ಎಣ್ಣೆಯದೂ ಇದೆ.

ಸಂಜೆ ಗೆಳತಿಯ ಹತ್ತಿರ ಇದ್ದ ತಿಳಿ ಹಳದಿ ಶೇಡ್ ಕುಂಕುಮದ ಕರಡಿಗೆಯಲ್ಲಿ ಚೂರು ತಂದೆ. ಸೋಮವಾರ ರಜೆ ಇತ್ತು, ಅದೇ ಹೊತ್ತಿಗೆ ಮತ್ತೆ ಕೂತೆ. ದವಡೆ ಮೇಲೆ ಪಕ್ಕ ಪಕ್ಕ ಮೂರು ಗೆರೆ. ಒಂದು ಬರೀ ಹಳೇದು. ಒಂದು ಅರ್ಧಕ್ಕರ್ಧ. ಒಂದು ಹಳೇದು ಎರಡು ಪಾಲು, ಹಳದಿ ಒಂದು ಪಾಲು. ಹಚ್ಚಿದ ಕೂಡಲೇ ನೋಡಿದರೆ ಬರೀ ಹಳೇದೇ ಸರಿ ಇತ್ತು, ಎರಡಕ್ಕೊಂದು ಸ್ವಲ್ಪ ತಿಳಿ, ಅರ್ಧಕ್ಕರ್ಧ ಸುಣ್ಣ. ಅಂಗಡಿಯಲ್ಲಿ ಆಗಿದ್ದರೆ ಮತ್ತೆ ಹಳೇದನ್ನೇ ತಗೊಳ್ಳುತ್ತಿದ್ದೆ. ಅರ್ಧ ತಾಸಿಗೆ ಹಳೇದು ಎದ್ದು ಕಂಡಿತು, ಎರಡಕ್ಕೊಂದರ ಗೆರೆ ಎಲ್ಲಿದೆ ಅಂತ ಹುಡುಕಬೇಕಾಯಿತು. ಅರ್ಧಕ್ಕರ್ಧ ಆಗಲೂ ಬೂದಿಯೇ. ಒಂದೂವರೆ ತಾಸಿಗೂ ಎರಡಕ್ಕೊಂದು ಪರವಾಗಿಲ್ಲ, ಗದ್ದದ ಹತ್ತಿರ ಮಾತ್ರ ಕೆಂಪಿನ ಕಡೆ ವಾಲಿತ್ತು.

ಈಗ ಕಾಂಪ್ಯಾಕ್ಟ್ ಕಥೆ ಹೇಳಿ. ಹೊಸದು ಯಾವ ಶೇಡ್ ತಗೊಳ್ಳಲಿ?

ಬಾಸಿಂಗ (ಅಂಕೋಲಾ)

ಶಭಾಷ್. ನೂರರಲ್ಲಿ ಒಬ್ಬಳು ಒಂದೂವರೆ ತಾಸು ಕಾಯುತ್ತಾಳೆ. ಗದ್ದದ ಹತ್ತಿರ ಉಳಿದದ್ದು ಎಣ್ಣೆ, ಸನ್‌ಸ್ಕ್ರೀನ್ ಮೇಲೆ ಮತ್ತೆ ಕ್ರೀಮ್ ಹಚ್ಚಬೇಡ.

ಕಾಂಪ್ಯಾಕ್ಟನ್ನು ಬರಿಗೈ ಮೇಲೆ ನೋಡಬೇಡ, ಡಬ್ಬಿಯೊಳಗಿನ ಬಣ್ಣವನ್ನೂ ನಂಬಬೇಡ. ಒತ್ತಿ ಕೂರಿಸಿದ ಪುಡಿ ಡಬ್ಬಿಯಲ್ಲಿ ಗಾಢ ಕಾಣುತ್ತದೆ, ಮುಖದ ಮೇಲೆ ಉದುರಿದರೆ ತಿಳಿ. ಹೋಗುವ ಮುಂಚೆ ದವಡೆಗೆ ನಿನ್ನ ಎರಡಕ್ಕೊಂದು ಮಿಶ್ರಣ ಹಚ್ಚಿಕೊಂಡು ಹೋಗು. ಅಂಗಡಿ ತಲುಪುವಾಗ ಅದು ಆರಿ ತನ್ನ ಬಣ್ಣಕ್ಕೆ ಬಂದಿರುತ್ತದೆ. ಅದರ ಮೇಲೆ ಅರ್ಧ ಭಾಗಕ್ಕೆ ಪುಡಿ ಒತ್ತು, ಅರ್ಧ ಬಿಡು. ಹೊರಗೆ ಬಂದು ಫೋನಿನಲ್ಲಿ ನೋಡು. ಪುಡಿ ಹಾಕಿದ ಅರ್ಧ ಬೇರೆ ಕಾಣದಿದ್ದರೆ ಅದೇ ನಿನ್ನದು. ಎರಡರ ನಡುವೆ ಅನುಮಾನ ಬಂದರೆ ಗಾಢವಾದದ್ದು ತಗೋ. ಪುಡಿಯಲ್ಲಿ ಗಾಢ ತಪ್ಪಿದರೆ ತೆಳ್ಳಗೆ ಹಚ್ಚಿ ಸುಧಾರಿಸಬಹುದು, ತಿಳಿ ತಪ್ಪಿದರೆ ಬೂದಿಯೇ ಗತಿ.

ಆಮೇಲೆ ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಫ್ಲಾಶ್ ಹಾಕಿ ಒಂದು ಫೋಟೋ ತೆಗೆ. ಆಲ್ಬಂ ಬರುವ ಮುಂಚೆಯೇ ಆಲ್ಬಂ ನೋಡಿದ ಹಾಗೆ.

ಸಿರ್ಸಿ ಸೊಸೆ

ಬೆವರು ಬಂದಾಗ ಮತ್ತೆ ಹಚ್ಚೋದು ಹೇಗೆ ಅಕ್ಕಾ? ಕರಾವಳಿಯವರಿಗಂತೂ ಹತ್ತು ನಿಮಿಷಕ್ಕೊಮ್ಮೆ ಬೇಕು.

ಬಾಸಿಂಗ (ಅಂಕೋಲಾ)

ಮೊದಲು ಒತ್ತಿ ಬೆವರು ತೆಗೆಯಬೇಕು, ತೆಳು ಹತ್ತಿ ಬಟ್ಟೆ ಸಾಕು, ಒರೆಸಬಾರದು. ಬೆವರಿನ ಮೇಲೆ ಪುಡಿ ಹಾಕಿದರೆ ಹಿಟ್ಟು ಕಲಸಿದ ಹಾಗೆ. ಮತ್ತೆ ಆ ಎಣ್ಣೆ ಸ್ಪಂಜಿನಿಂದ ಡಬ್ಬಿಗೂ ಹೋಗಿ ಕಾಂಪ್ಯಾಕ್ಟ್ ಮೇಲೆ ಹೊಳೆಯುವ ಗಟ್ಟಿ ಪದರ ಆಗುತ್ತದೆ, ಪುಡಿಯೇ ಬರುವುದಿಲ್ಲ. ಹಾಗಾದರೆ ಮೇಲಿಂದ ಅಂಟು ಟೇಪ್ ಒತ್ತಿ ಎಳೆಯಿರಿ, ಆ ಪದರ ಕಿತ್ತು ಬರುತ್ತದೆ.

ಮಾಜಾಳಿ

ನಾನಂತೂ ಕಾಂಪ್ಯಾಕ್ಟ್ ಬಿಟ್ಟೇ ಬಿಟ್ಟೆ. ಈ ಸೆಕೆಗೆ ಪುಡಿ ಯಾಕೆ? ಬಟ್ಟೆಯಲ್ಲಿ ಒತ್ತಿಕೊಂಡರೆ ಆಯ್ತು.

ಬಾಸಿಂಗ (ಅಂಕೋಲಾ)

ನಿಮ್ಮ ಮುಖಕ್ಕೆ ನಡೆಯಬಹುದು. ಮದುಮಗಳಿಗೆ ಪುಡಿ ಇಲ್ಲದೆ ಬಿಟ್ಟರೆ ಧಾರೆ ಹೊತ್ತಿಗೆ ಫೌಂಡೇಶನ್ ಸೆರಗಿನಲ್ಲಿರುತ್ತದೆ.

ಗಾಳಿಮಳೆ (ಕುಮಟಾ)

ನಾನು ಸೋತ ಮೇಲೂ ಒಂದು ಕೇಳುತ್ತೇನೆ. ಎಲ್ಲರೂ ದವಡೆ, ಕುತ್ತಿಗೆ ಅಂತೀರಿ. ನನ್ನ ಮುಖ ಕುತ್ತಿಗೆಗಿಂತ ಗಾಢ, ಸ್ಕೂಟಿಯಲ್ಲಿ ಓಡಾಡಿ ಸುಟ್ಟಿದೆ. ಹಣೆ ಮತ್ತು ಬಾಯಿ ಸುತ್ತ ಇನ್ನೂ ಗಾಢ. ಕುತ್ತಿಗೆಗೆ ಹೊಂದಿಸಿದರೆ ಮುಖಕ್ಕೆ ತಿಳಿ ಆಗಿ ಬೂದಿ ಆಗುವುದಿಲ್ವಾ? ನೀವೇ ಹೇಳಿದ್ದು ಮಜ್ಜಿಗೆ, ಕರಿಕಲ್ಲು ಅಂತ.

ಬಾಸಿಂಗ (ಅಂಕೋಲಾ)

ಒಳ್ಳೇ ಪ್ರಶ್ನೆ. ನಾನು ಕುತ್ತಿಗೆಗೇ ಹೊಂದಿಸುತ್ತೇನೆ. ಆದರೆ ಗಾಢ ಇರುವ ಕಡೆ ಮೊದಲು ಕಿತ್ತಳೆ ಕರೆಕ್ಟರ್, ಉಗುರಿನ ಮೇಲೆ ಹಿಡಿಯುವಷ್ಟು, ಬೆರಳಲ್ಲಿ ತಟ್ಟಿ ತೆಳ್ಳಗೆ. ಅದು ಕೆಳಗಿನ ನೀಲಿ ಬೂದಿಯನ್ನು ತಿನ್ನುತ್ತದೆ, ಮೇಲೆ ಫೌಂಡೇಶನ್ ಬಂದಾಗ ಸತ್ತ ಕಳೆ ಇರುವುದಿಲ್ಲ. ಜಾಸ್ತಿ ಆದರೆ ಮಾತ್ರ ಮತ್ತೆ ಕಿತ್ತಳೆಯೇ ಕಾಣುತ್ತದೆ.

ಸಿರ್ಸಿ ಸೊಸೆ

ಇಲ್ಲಿ ನಾನು ಒಪ್ಪಲ್ಲ ಅಕ್ಕಾ. ದಿನಾ ಆಫೀಸಿಗೆ ಹೋಗುವವರಿಗೆ ಕರೆಕ್ಟರ್, ಫೌಂಡೇಶನ್, ಪುಡಿ ಅಂತ ಮೂರು ಪದರ ಯಾಕೆ? ಮುಖದ ನಡುವಿನ ಬಣ್ಣಕ್ಕೆ ಹೊಂದಿಸಿ ತೆಳ್ಳಗೆ ಹಚ್ಚಿದರೆ ಗಾಢ ಅಂಚು ಹಾಗೇ ಉಳಿಯುತ್ತದೆ, ಅದೇ ಸಹಜ. ಕುತ್ತಿಗೆ ಸ್ವಲ್ಪ ತಿಳಿ ಇದ್ದರೆ ಯಾರಿಗೇನು, ಮೊದಲಿಂದಲೂ ಹಾಗೇ ಇತ್ತಲ್ಲ.

ಬಾಸಿಂಗ (ಅಂಕೋಲಾ)

ಆಫೀಸಿಗೆ ನಡೆಯುತ್ತದೆ. ಫೋಟೋದಲ್ಲಿ ಮುಖ ಬೇರೆಯವರದು ತಂದು ಅಂಟಿಸಿದ ಹಾಗೆ ಬಂದರೆ ನನ್ನನ್ನು ಕೇಳಬೇಡ.

ಸಿರ್ಸಿ ಸೊಸೆ

ಫೋಟೋಗೆ ಅಂತ ಬದುಕುವುದಾ ಅಕ್ಕಾ?

ಬಾಸಿಂಗ (ಅಂಕೋಲಾ)

ನಾನು ಬದುಕುವುದು ಅದರಿಂದಲೇ ತಂಗಿ.

ಗಾಳಿಮಳೆ (ಕುಮಟಾ)

ಇಬ್ಬರೂ ಸೇರಿ ನನ್ನನ್ನು ನಡುವೆ ಬಿಟ್ಟಿರಿ. ಎರಡನ್ನೂ ಹಚ್ಚಿ ಅರ್ಧ ಅರ್ಧ ಮುಖ ಮಾಡಿ ನೋಡುತ್ತೇನೆ.

ಕಡಲ್ತಡಿ (ಕಾರವಾರ)

ನಿನ್ನೆ ಮಡಗಾಂವಿಗೆ ಹೋಗಿದ್ದೆ, ದವಡೆಗೆ ಗೆರೆ ಹಚ್ಚಿಕೊಂಡೇ ರೈಲು ಹತ್ತಿದೆ. ಎದುರು ಕೂತ ಅಜ್ಜಿ ಪೂರ್ತಿ ದಾರಿ ನೋಡಿದರು, ಕೊನೆಗೆ ಕೇಳಿಯೇ ಬಿಟ್ಟರು, ಮದ್ದು ಹಚ್ಚಿದ್ದಾ ಅಂತ. ಮೂರು ಕಾಂಪ್ಯಾಕ್ಟ್ ನೋಡಿದೆ. ಮೊದಲನೆಯದು ‘ನ್ಯಾಚುರಲ್’, ಅಂಗಡಿಯವಳು ತಾನಾಗಿ ಕೊಟ್ಟದ್ದು, ಗೆರೆ ಮೇಲೆ ಹಾಕಿದ ಕೂಡಲೇ ವಿಭೂತಿ. ಎರಡನೆಯದು ಬಣ್ಣದ ಆಳ ಸರಿ, ಆದರೆ ಗುಲಾಬಿ. ಮೂರನೆಯದು ಬಂಗಾರದ ಛಾಯೆ, ಡಬ್ಬಿಯಲ್ಲಿ ನನಗಿಂತ ಕಪ್ಪು ಕಂಡಿತು, ಹಾಕಿದರೆ ಕಾಣಲೇ ಇಲ್ಲ. ಅದನ್ನೇ ತಂದೆ. ರಾತ್ರಿ ಕರೆಂಟ್ ತೆಗೆದು ಫ್ಲಾಶ್ ಫೋಟೋ ತೆಗೆದೆ. ಮೂಗಿನ ಮೇಲೆ ಸ್ವಲ್ಪ ಬಿಳಿ ಇದೆ ಇನ್ನೂ.

ಬಾಸಿಂಗ (ಅಂಕೋಲಾ)

ಅದು ಸನ್‌ಸ್ಕ್ರೀನ್. ಪುಡಿ ಹಾಕದೆ, ಬರೀ ಸನ್‌ಸ್ಕ್ರೀನ್ ಹಚ್ಚಿ ಒಂದು ಫ್ಲಾಶ್ ಫೋಟೋ ತೆಗೆದು ನೋಡು. ಆಗಲೂ ಬಿಳಿ ಇದ್ದರೆ ಸಂಜೆಯ ಕಾರ್ಯಕ್ರಮಕ್ಕೆ ಅದನ್ನು ಹಚ್ಚಬೇಡ, ಹಗಲಿಗೆ ಇರಲಿ.

ಕಡಲ್ತಡಿ (ಕಾರವಾರ)

ಸರಿ ಅಕ್ಕಾ. ಹಳೇ ಕಾಂಪ್ಯಾಕ್ಟ್ ಏನು ಮಾಡಲಿ? ಅರ್ಧಕ್ಕಿಂತ ಜಾಸ್ತಿ ಉಳಿದಿದೆ.

ಅಪ್ಪೆಮಿಡಿ

ಚಿಕ್ಕಮ್ಮನಿಗೆ ಕೊಡಿ.